ಅಜ್ಜನ ಮೊದಲ ಚಸ್ಮಾ: ಬೆಟಗೇರಿಯ ಒಂದು ಪ್ರಕರಣ

ಬೆಟಗೇರಿಯ ನಮ್ಮ ಮನೆಯಲ್ಲಿ ಅಜ್ಜನ ಕಣ್ಣಿನ ಬಗ್ಗೆ ಹೆಮ್ಮೆಯ ಮಾತೊಂದು ಬಹಳ ವರ್ಷಗಳಿಂದ ಚಾಲ್ತಿಯಲ್ಲಿತ್ತು. ಬಂದ ನೆಂಟರ ಎದುರು ಅದನ್ನು ಆಡದೆ ಚಹಾ ಮುಗಿಯುತ್ತಿರಲಿಲ್ಲ. ಎಪ್ಪತ್ತೊಂದು ವರ್ಷದ ಅಜ್ಜ ಪಂಚಾಂಗದ ಸಣ್ಣ ಅಕ್ಷರವನ್ನು ಕನ್ನಡಕವಿಲ್ಲದೆ ಓದುತ್ತಾನೆ, ಅಜ್ಜಿಗೆ ಸೂಜಿ ಪೋಣಿಸಿ ಕೊಡುತ್ತಾನೆ, ಹರಿದ ನೂಲಿನ ಎಳೆಯನ್ನು ದೀಪ ಹಾಕದೆ ಕಟ್ಟುತ್ತಾನೆ. ಜೋಳದ ರೊಟ್ಟಿ ತಿಂದು ಬೆಳೆದ ಹಳೆಯ ಕಾಲದ ಕಣ್ಣು ಅದು, ಈಗಿನವರಿಗೆ ಎಲ್ಲಿಂದ ಬರಬೇಕು ಎಂಬುದು ಆ ಮಾತಿನ ಸಾರ. ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ದೃಷ್ಟಿ ಪರೀಕ್ಷಕನಾಗಿ ಒಂಬತ್ತು ವರ್ಷ ಕೆಲಸ ಮಾಡಿದ ನಾನೂ ಆ ಮಾತಿಗೆ ತಲೆಯಾಡಿಸಿದವನೇ. ಎಪ್ಪತ್ತು ದಾಟಿದವರು ಬರಿಗಣ್ಣಿನಲ್ಲಿ ಸಣ್ಣ ಅಕ್ಷರ ಓದುತ್ತಾರೆಂದರೆ ಅದು ಕಣ್ಣಿನ ಆರೋಗ್ಯದ ಗುರುತಲ್ಲ, ಹೆಚ್ಚಿನ ಸಲ ಅದೊಂದು ದೋಷದ ಲಕ್ಷಣ. ಬೇರೆ ಯಾರಾದರೂ ಪರೀಕ್ಷೆಯ ಕುರ್ಚಿಯಲ್ಲಿ ಕುಳಿತು ಇದೇ ಮಾತನ್ನು ಹೇಳಿದ್ದರೆ ನಾನು ಕೂಡಲೇ ಕಿವಿ ನಿಮಿರಿಸುತ್ತಿದ್ದೆ. ಮನೆಯ ಮಾತಾದ್ದರಿಂದ ಕೇಳಿಸಲಿಲ್ಲ.

ಕೇಳಿಸಿದ್ದು ಗದಗ ಬಸ್ ನಿಲ್ದಾಣದಲ್ಲಿ. ಲಕ್ಕುಂಡಿಯಲ್ಲಿ ನೆಂಟರ ಮದುವೆಯಿತ್ತು. ನಾನು ಮತ್ತು ಅಜ್ಜ ಇಬ್ಬರೇ ಹೊರಟಿದ್ದೆವು. ನಾನು ನೀರಿನ ಬಾಟಲಿ ತರಲು ಹೋಗಿ ಬರುವಷ್ಟರಲ್ಲಿ, ಹದಿನೈದು ಹೆಜ್ಜೆ ದೂರದಲ್ಲಿ, ಹಣೆಯ ಮೇಲೆ ದೊಡ್ಡ ಅಕ್ಷರದಲ್ಲಿ ಲಕ್ಕುಂಡಿ ಎಂದು ಬರೆದಿದ್ದ ಬಸ್ಸು ಬಂದು ನಿಂತಿತ್ತು. ಅಜ್ಜ ಅದರತ್ತ ಕಣ್ಣು ಕಿರಿದು ಮಾಡಿ ನೋಡಿ, ಪಕ್ಕದಲ್ಲಿದ್ದ ಹುಡುಗನನ್ನು ಕೇಳಿದ: "ಯಾವೂರ ಬಸ್ಸು ತಮ್ಮಾ ಅದು?" ಎಲ್ಲಿ ಹೋದರೂ ಅಪರಿಚಿತರನ್ನು ಹೀಗೆ ಮಾತನಾಡಿಸುವುದು ಅಜ್ಜನ ಅಭ್ಯಾಸ; ಮನುಷ್ಯರೆಂದರೆ ಅವನಿಗೆ ಇಷ್ಟವೆಂದು ನಾವೆಲ್ಲ ತಿಳಿದಿದ್ದೆವು. ಆದರೆ ಆ ದಿನ ನನಗೆ ಕಂಡದ್ದು ಪ್ರಶ್ನೆಗಿಂತ ಮೊದಲು ರೆಪ್ಪೆಗಳು ಕಿರಿದಾದದ್ದು. ರೆಪ್ಪೆಗಳನ್ನು ಸೀಳಿನಂತೆ ಮಾಡಿಕೊಂಡಾಗ ಕಣ್ಣಿನೊಳಗೆ ಹೋಗುವ ಬೆಳಕಿನ ಕಟ್ಟು ಸಪೂರವಾಗುತ್ತದೆ, ಅದರೊಂದಿಗೆ ಮಸುಕೂ ಸ್ವಲ್ಪ ಕಡಿಮೆಯಾಗುತ್ತದೆ. ಇದನ್ನು ಯಾರೂ ಕಲಿಸುವುದಿಲ್ಲ, ದೂರದ್ದು ಕಾಣದವರು ತಾವೇ ಕಲಿಯುತ್ತಾರೆ.

ನನ್ನ ಜೇಬಿನಲ್ಲಿ ಮದುವೆಯ ಆಮಂತ್ರಣ ಪತ್ರಿಕೆಯಿತ್ತು. ಅಜ್ಜನ ಅಂಗಿಯ ಗುಂಡಿಯ ಜಾಗದಲ್ಲಿ ಸಿಕ್ಕಿಸಿದ್ದ ಪಿನ್ನನ್ನು ತೆಗೆದು, ಆ ದಪ್ಪ ಕಾಗದದ ನಡುವೆ ಒಂದು ತೂತು ಮಾಡಿ, ಒಂದು ಕಣ್ಣು ಮುಚ್ಚಿಸಿ, ಇನ್ನೊಂದರ ಮುಂದೆ ಹಿಡಿದೆ. ಅಜ್ಜ ಮೊದಲು ತೂತನ್ನೇ ಹುಡುಕುತ್ತಿದ್ದ. ಆಮೇಲೆ ಅದರ ಆಚೆ ಬಸ್ಸು ಸಿಕ್ಕಿತು. "ಲ... ಲಕ್ಕುಂಡಿ. ಏ, ಇದರಾಗ ಏನ್ ಹಾಕೀಯೋ ತಮ್ಮಾ?" ಎಂದು ಪತ್ರಿಕೆಯನ್ನು ತಿರುವಿ ನೋಡಿದ. ಅದರಲ್ಲಿ ತೂತಿನ ಹೊರತು ಏನೂ ಇರಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ನಾವು ಪಿನ್‌ಹೋಲ್ ಎಂದು ಕರೆಯುವ ಕರಿ ತಟ್ಟೆ ಮಾಡುವ ಕೆಲಸವೂ ಇಷ್ಟೇ. ಸಣ್ಣ ತೂತಿನಿಂದ ನೋಡಿದಾಗ ದೃಷ್ಟಿ ಸುಧಾರಿಸಿದರೆ ತೊಂದರೆಯ ದೊಡ್ಡ ಪಾಲು ಬೆಳಕು ಸರಿಯಾದ ಜಾಗದಲ್ಲಿ ಕೂಡದಿರುವುದರಿಂದ, ಅಂದರೆ ಗಾಜಿನಿಂದ ಸರಿಪಡಿಸಬಹುದಾದದ್ದು. ಸುಧಾರಿಸದಿದ್ದರೆ ಪೊರೆ ದಟ್ಟವಾಗಿರಬಹುದು, ಇಲ್ಲವೇ ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ತೊಂದರೆ ಇರಬಹುದು. ಅಜ್ಜನಿಗೆ ಸುಧಾರಿಸಿತ್ತು. ಆ ಬಸ್ಸು ಮಾತ್ರ ಅಷ್ಟರಲ್ಲಿ ಹೊರಟುಹೋಯಿತು.

ಮರುವಾರ ಅಜ್ಜನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಸ್ವಂತ ಮನೆಯವರನ್ನು ತಾನೇ ಪರೀಕ್ಷಿಸುವುದರಲ್ಲಿ ಒಂದು ಅಪಾಯವಿದೆ: ಉತ್ತರ ಗೊತ್ತಿದೆಯೆಂದು ಪ್ರಶ್ನೆ ಕೇಳುವುದನ್ನೇ ಬಿಡುತ್ತೇವೆ. ಆದ್ದರಿಂದ ನಾನು ಅಳೆದದ್ದನ್ನು ಸಹೋದ್ಯೋಗಿಯೊಬ್ಬರು ಮತ್ತೆ ಅಳೆದರು, ರೆಟಿನಾವನ್ನು ವೈದ್ಯರು ಪಾಪೆ ಹಿಗ್ಗಿಸಿ ನೋಡಿದರು. ಆರು ಮೀಟರ್ ಅಂತರದ ಕನ್ನಡ ಅಕ್ಷರಗಳ ಫಲಕದಲ್ಲಿ ಅಜ್ಜನ ಬಲಗಣ್ಣು ಎಲ್ಲಕ್ಕಿಂತ ಮೇಲಿನ ದೊಡ್ಡ ಅಕ್ಷರವನ್ನಷ್ಟೇ ಓದಿತು. ಎಡಗಣ್ಣು ಅದನ್ನೂ ಓದಲಿಲ್ಲ, ಒಂದು ಮೀಟರ್ ಮುಂದೆ ಕೂಡಿಸಿದಾಗ ಓದಿತು. ಕುರ್ಚಿಯಿಂದ ಎದ್ದು ಮುಂದೆ ಹೋಗಲು ಅಜ್ಜ ಎರಡು ಸಲ ಯತ್ನಿಸಿದ, ಯಾಕೆಂದರೆ ಕಾಣದಿದ್ದರೆ ಹತ್ತಿರ ಹೋಗಿ ನೋಡುವುದೇ ಅವನು ಆವರೆಗೆ ಬಳಸಿದ ಉಪಾಯ. ಅಳತೆ ಬಂದದ್ದು ಹೀಗೆ: ಬಲಗಣ್ಣಿಗೆ ಮೈನಸ್ 3.00, ಜೊತೆಗೆ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವ ಸಿಲಿಂಡರ್ ಮೈನಸ್ 0.50, ಅದು ಕೂರುವ ಕೋನ ಅಂದರೆ ಆಕ್ಸಿಸ್ 90. ಎಡಗಣ್ಣಿಗೆ ಮೈನಸ್ 3.50, ಸಿಲಿಂಡರ್ ಮೈನಸ್ 1.00, ಆಕ್ಸಿಸ್ 90. ಗಾಜು ಹಾಕಿದ ಮೇಲೆ ಬಲಗಣ್ಣು 6/9ರ ಸಾಲನ್ನೂ ಎಡಗಣ್ಣು 6/12ರ ಸಾಲನ್ನೂ ಓದಿದವು. ಉಳಿದ ಕೊರತೆಗೆ ಎರಡೂ ಕಣ್ಣಿನಲ್ಲಿ ಈಗಷ್ಟೇ ಶುರುವಾದ ಪೊರೆ ಕಾರಣ, ಅದಕ್ಕೆ ಸದ್ಯ ಶಸ್ತ್ರಚಿಕಿತ್ಸೆ ಬೇಕಿರಲಿಲ್ಲ.

ಸಿಲಿಂಡರಿನ ಅರ್ಧವನ್ನು ಮೂಲ ಪವರಿಗೆ ಸೇರಿಸಿ ಸರಾಸರಿ ತೆಗೆದರೆ, ಪವರನ್ನು ಅಳೆಯುವ ಡಯಾಪ್ಟರ್ ಲೆಕ್ಕದಲ್ಲಿ ಬಲಗಣ್ಣಿನ ದೋಷ ಮೂರೂಕಾಲು, ಎಡಗಣ್ಣಿನದು ನಾಲ್ಕು. ಒಂದು ಮೀಟರನ್ನು ಈ ಸಂಖ್ಯೆಗಳಿಂದ ಭಾಗಿಸಿದರೆ ಆ ಕಣ್ಣು ಎಷ್ಟು ದೂರದವರೆಗೆ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಸಿಗುತ್ತದೆ: ಬಲಕ್ಕೆ 31 ಸೆಂಟಿಮೀಟರ್, ಎಡಕ್ಕೆ 25. ಒಂದು ಗೇಣಿಗಿಂತ ತುಸು ಹೆಚ್ಚು. ಅಜ್ಜನ ಸ್ಪಷ್ಟ ಜಗತ್ತು ಅಷ್ಟು ದೂರಕ್ಕೆ ಮುಗಿಯುತ್ತಿತ್ತು. ಆದರೆ ಆ ಗೇಣಿನೊಳಗೆ ಅದು ನಿಜಕ್ಕೂ ಚೊಕ್ಕಟವಾಗಿತ್ತು. ನಲವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರ ಬಿರುಸಾಗಿ, ಹತ್ತಿರದ್ದನ್ನು ನೋಡಲು ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ನಮ್ಮ ಕಡೆ ಇದಕ್ಕೆ ಚಾಳೀಸು ಬಂತು ಎನ್ನುತ್ತೇವೆ. ಸರಿಯಾದ ಕಣ್ಣಿನವರು ಆಗ ಪತ್ರಿಕೆಯನ್ನು ಕೈ ಚಾಚಿ ಹಿಡಿಯತೊಡಗುತ್ತಾರೆ. ಅಜ್ಜನಂತೆ ಹತ್ತಿರದ್ದು ಮಾತ್ರ ಸ್ಪಷ್ಟವಾಗಿ ಕಾಣುವ ಸಮೀಪದೃಷ್ಟಿಯವರ ಮಸೂರವೂ ಅಷ್ಟೇ ಬಿರುಸಾಗುತ್ತದೆ, ಆದರೆ ಅವರ ಕಣ್ಣು ಹುಟ್ಟುಗುಣದಿಂದಲೇ ಹತ್ತಿರಕ್ಕೆ ಹೊಂದಿಸಿಟ್ಟದ್ದಾದ್ದರಿಂದ ಅದು ಅವರಿಗೆ ಗೊತ್ತೇ ಆಗುವುದಿಲ್ಲ. ಮನೆಯ ಹೆಮ್ಮೆಯ ಮಾತಿನ ಒಳಗುಟ್ಟು ಇದು.

ಇಲ್ಲಿ ಒಂದು ಪ್ರಶ್ನೆಯನ್ನು ಬಿಡಿಸಲೇಬೇಕಿತ್ತು. ವಯಸ್ಸಾದವರಲ್ಲಿ ಪೊರೆ ಮಸೂರದ ನಡುಭಾಗದಲ್ಲಿ ಗಟ್ಟಿಯಾಗುತ್ತ ಬಂದಾಗ ಕಣ್ಣು ಹೊಸದಾಗಿ ಸಮೀಪದೃಷ್ಟಿಗೆ ಜಾರುವುದುಂಟು. ಓದುವ ಕನ್ನಡಕ ಹಾಕುತ್ತಿದ್ದವರು ಒಂದು ದಿನ ಅದನ್ನು ತೆಗೆದಿಟ್ಟು, ಕಣ್ಣು ಮತ್ತೆ ಎಳೆಯದಾಯಿತೆಂದು ಸಂತೋಷಪಡುತ್ತಾರೆ. ಅಜ್ಜನದು ಆ ಬಗೆಯದೋ ಅಥವಾ ಬಾಲ್ಯದಿಂದ ಬಂದದ್ದೋ? ಪೊರೆಯಿಂದ ಬಂದದ್ದಾದರೆ ಪವರ್ ಇನ್ನೂ ಬದಲಾಗುತ್ತ ಹೋಗುತ್ತದೆ, ಕನ್ನಡಕಕ್ಕೆ ಹಾಕಿದ ಹಣ ಆರು ತಿಂಗಳಿಗೆ ದಂಡವಾಗಬಹುದು. ವೈದ್ಯರು ಕಂಡ ಪೊರೆ ಮೂರು ನಾಲ್ಕು ಡಯಾಪ್ಟರ್ ಬದಲಾವಣೆ ತರುವಷ್ಟು ಬಲಿತಿರಲಿಲ್ಲ. ಕಣ್ಣಿನ ಹಿಂಭಾಗದಲ್ಲಿ, ನರವು ಒಳಗೆ ಬರುವ ಜಾಗದ ಅಂಚಿನಲ್ಲಿ, ಅರ್ಧಚಂದ್ರಾಕಾರದ ಬಿಳಿಚಿದ ಗುರುತಿತ್ತು. ಕಣ್ಣುಗುಡ್ಡೆ ಉದ್ದವಾಗಿ ಬೆಳೆದವರಲ್ಲಿ ಅದು ಸಾಮಾನ್ಯ. ಆದರೆ ನನಗೆ ಎಲ್ಲಕ್ಕಿಂತ ಗಟ್ಟಿಯೆನಿಸಿದ ಸಾಕ್ಷಿ ಮಗ್ಗದಿಂದ ಬಂತು. ಅಜ್ಜ ಹದಿನಾಲ್ಕನೆಯ ವಯಸ್ಸಿನಿಂದ ಅರವತ್ತೆಂಟರವರೆಗೆ ಕುಣಿ ಮಗ್ಗದಲ್ಲಿ ಕುಳಿತವನು. ಮೊದಲು ಒಳ್ಳೆಯ ಕಣ್ಣಿದ್ದು ಅರವತ್ತರ ನಂತರ ಸಮೀಪದೃಷ್ಟಿ ಬಂದಿದ್ದರೆ, ನಲವತ್ತೈದರಿಂದ ಅರವತ್ತರವರೆಗಿನ ಹದಿನೈದು ವರ್ಷ ಹಾಸಿನಲ್ಲಿ ಹರಿದ ಎಳೆಯನ್ನು ಹುಡುಕಲು ಅವನು ಒದ್ದಾಡಿರಬೇಕಿತ್ತು. ನೇಕಾರನಿಗೆ ಚಾಳೀಸು ಬಂದರೆ ಅದು ಕೇರಿಗೆಲ್ಲ ಗೊತ್ತಾಗುತ್ತದೆ. ಅಂಥ ದಿನಗಳು ಇದ್ದವೇ ಎಂದು ಕೇಳಿದಾಗ ಅಜ್ಜನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಎಳಿ ಕಾಣದಂಗ ಯಾವಾಗ ಆಗೈತಿ? ಬಗ್ಗಿ ನೋಡಿದ್ರ ಕಾಣತೈತಿ." ಆ ಬಗ್ಗಿ ನೋಡುವ ಭಂಗಿಯಿಂದಲೇ ಅವನ ಬೆನ್ನು ಬಾಗಿದೆಯೆಂದು ಅಜ್ಜಿ ಸೇರಿಸಿದಳು.

ಇಷ್ಟು ದಿನ ಇದು ಹೊರಬೀಳದೆ ಉಳಿದದ್ದು ಹೇಗೆ ಎಂಬುದಕ್ಕೆ ಎರಡು ಘಟನೆಗಳು ಸಿಕ್ಕವು. ಹತ್ತು ಹನ್ನೆರಡು ವರ್ಷಗಳ ಹಿಂದೆ ಗೆಳೆಯನೊಬ್ಬನ ಓದುವ ಕನ್ನಡಕವನ್ನು ಅಜ್ಜ ಕುತೂಹಲಕ್ಕೆ ಹಾಕಿಕೊಂಡು ನೋಡಿದ್ದ. ಅದು ಪ್ಲಸ್ ಗಾಜು. ಅಜ್ಜನ ಕಣ್ಣಿಗೆ ಬೇಕಾದದ್ದಕ್ಕೆ ನೇರ ವಿರುದ್ಧ. ಇದ್ದ ಮಸುಕು ಇಮ್ಮಡಿಯಾಯಿತು, ಕನ್ನಡಕ ತನ್ನ ಕಣ್ಣಿಗೆ ಆಗಿಬರುವುದಿಲ್ಲವೆಂದು ಅವನು ತೀರ್ಮಾನಿಸಿಬಿಟ್ಟ. ಆಮೇಲೊಮ್ಮೆ ಉಚಿತ ತಪಾಸಣೆ ಶಿಬಿರವೊಂದಕ್ಕೂ ಹೋಗಿದ್ದ. ಅಲ್ಲಿ ಸಾಲು ಉದ್ದವಿತ್ತು. ಕೈಯಲ್ಲಿ ಹಿಡಿಯುವ ಕಾರ್ಡನ್ನು ಓದಿಸಿದರು, ಅಜ್ಜ ಕೊನೆಯ ಸಾಲಿನವರೆಗೆ ಸರಾಗವಾಗಿ ಓದಿದ; ಬ್ಯಾಟರಿ ಹಾಕಿ ನೋಡಿ ಪೊರೆ ಬಲಿತಿಲ್ಲವೆಂದರು, ಕಣ್ಣು ಚೊಲೋ ಅದಾವ ಎಂದು ಕಳಿಸಿದರು. ದೂರದ ಫಲಕದ ಮುಂದೆ ಒಂದು ನಿಮಿಷ ನಿಲ್ಲಿಸಿದ್ದರೆ ಸಾಕಿತ್ತು. ಕೈಯಲ್ಲಿ ಹಿಡಿದ ಕಾರ್ಡಿನ ಪರೀಕ್ಷೆಯಲ್ಲಿ ಸಮೀಪದೃಷ್ಟಿಯವನು ಸದಾ ಪಾಸಾಗುತ್ತಾನೆ.

ಅಜ್ಜ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು. ಬೋರ್ಡಿನ ಮೇಲಿನದನ್ನು ನೋಡಿ ಬರೆಯದೆ ಪೆಟ್ಟು ತಿಂದದ್ದನ್ನು ಅಳತೆಯಾದ ಸಂಜೆ ಅವನೇ ನೆನಪಿಸಿಕೊಂಡ. ನಾನು ಇದನ್ನು ಪ್ರಕರಣದ ಇತಿಹಾಸದಲ್ಲಿ ಬರೆದುಕೊಂಡೆ, ಆದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಕಾರಣವೊಂದು ಸಿಕ್ಕ ಮೇಲೆ ಮನಸ್ಸು ಹಳೆಯದನ್ನೆಲ್ಲ ಅದರ ಸುತ್ತ ನೇಯತೊಡಗುತ್ತದೆ, ಮತ್ತು ಆ ಕಾಲದಲ್ಲಿ ಮಗ್ಗಕ್ಕೆ ಕೈ ಬೇಕೆಂಬ ಕಾರಣಕ್ಕೇ ಶಾಲೆ ಬಿಟ್ಟ ಮಕ್ಕಳು ನಮ್ಮ ಕೇರಿಯಲ್ಲಿ ಮನೆಗಿಬ್ಬರಿದ್ದರು. ನನಗೆ ಹೆಚ್ಚು ನಂಬಿಕೆ ಬಂದದ್ದು ಅಜ್ಜ ತಾನಾಗಿ ಹೇಳದ ಸಂಗತಿಯಿಂದ. ಕೇರಿಯಲ್ಲಿ ಅವನಿಗೆ ಸೊಕ್ಕಿನ ಮನುಷ್ಯ ಎಂಬ ಹೆಸರಿತ್ತು. ಎದುರಿಗೆ ಬಂದು ನಕ್ಕರೂ ನೋಡದಂತೆ ಹೋಗುತ್ತಾನೆ, ಹೆಸರು ಕೂಗಿದರೆ ಮಾತ್ರ ತಿರುಗುತ್ತಾನೆ ಎಂಬುದು ದೂರು. ಅವನು ಜನರನ್ನು ಗುರುತಿಸುತ್ತಿದ್ದದ್ದು ನಡಿಗೆಯಿಂದ, ಕೆಮ್ಮಿನಿಂದ, ಚಪ್ಪಲಿಯ ಸದ್ದಿನಿಂದ. ಹೊಸ ಚಪ್ಪಲಿ ಹಾಕಿ ಬಂದ ತಮ್ಮನನ್ನೇ ಒಮ್ಮೆ ಗುರುತಿಸದೆ ಮುಂದೆ ಹೋಗಿ ಜಗಳವಾಗಿತ್ತಂತೆ.

ಅಳತೆ ಸಿಕ್ಕಿತೆಂದರೆ ಕನ್ನಡಕ ಬರೆದುಕೊಟ್ಟಂತೆ ಎಂದಲ್ಲ. ಎಪ್ಪತ್ತು ವರ್ಷ ಗಾಜಿಲ್ಲದೆ ನಡೆದ ಮನುಷ್ಯನಿಗೆ ನಾಲ್ಕು ಡಯಾಪ್ಟರ್ ಗಾಜನ್ನು ಒಮ್ಮೆಲೇ ಕೊಟ್ಟರೆ ಅವನು ಮೆಟ್ಟಿಲಲ್ಲಿ ಬೀಳಬಹುದು. ಬಿಡಿ ಗಾಜುಗಳನ್ನು ಟ್ರಯಲ್ ಫ್ರೇಮಿನಲ್ಲಿ ಕೂಡಿಸಿ, ಅದನ್ನು ಮೂಗಿನ ಮೇಲೇರಿಸಿ, ಅಜ್ಜನ ಮೊಳಕೈ ಹಿಡಿದು ಆಸ್ಪತ್ರೆಯ ಓಣಿಯಲ್ಲಿ ಅರ್ಧ ಗಂಟೆ ಅಡ್ಡಾಡಿಸಿದೆ. ನೆಲ ಹಳ್ಳಕ್ಕೆ ಇಳಿದಂತಿದೆ ಎಂದ. ಮೈನಸ್ ಗಾಜು ವಸ್ತುಗಳನ್ನು ಚಿಕ್ಕದಾಗಿ ತೋರಿಸುವುದರಿಂದ ನೆಲ ದೂರ ಸರಿದಂತೆ ಭಾಸವಾಗುತ್ತದೆ, ಇದು ಎಲ್ಲರಿಗೂ ಆಗುತ್ತದೆ. ಎರಡನೆಯ ದೂರು ಹೆಚ್ಚು ನಿಖರವಾಗಿತ್ತು. "ಮಂದಿ ಎಲ್ಲಾ ಉದ್ದ ಆಗ್ಯಾರಲ್ಲೋ. ಬಾಗಲಾನೂ ಸಪೂರ ಆಗೈತಿ." ಇದು ಸಿಲಿಂಡರಿನ ಕೆಲಸ. ಆಕ್ಸಿಸ್ 90ರಲ್ಲಿ ಕೂತ ಮೈನಸ್ ಸಿಲಿಂಡರ್ ಅಡ್ಡಡ್ಡವಾಗಿ ಮಾತ್ರ ಕುಗ್ಗಿಸುತ್ತದೆ, ಉದ್ದುದ್ದ ಕುಗ್ಗಿಸುವುದಿಲ್ಲ. ಆದ್ದರಿಂದ ಅಗಲ ಕಡಿಮೆಯಾಗಿ ಎಲ್ಲವೂ ನೀಳವಾಗಿ ಕಾಣುತ್ತದೆ. ಅಡ್ಡ ನೂಲು ಉದ್ದ ನೂಲುಗಳ ಅಳತೆಯಲ್ಲೇ ಬದುಕಿದವನಿಗೆ ಅದು ಕೂಡಲೇ ಗೊತ್ತಾಯಿತು. ಎಡಗಣ್ಣಿನ ಸಿಲಿಂಡರನ್ನು 1.00ರಿಂದ 0.50ಕ್ಕೆ ಇಳಿಸಿ, ಇಳಿಸಿದ್ದರ ಅರ್ಧವನ್ನು ಮೂಲ ಪವರಿಗೆ ಸೇರಿಸಿ 3.75 ಮಾಡಿದೆ. ಒಟ್ಟು ಸರಾಸರಿ ನಾಲ್ಕಾಗಿಯೇ ಉಳಿಯಿತು, ಸ್ಪಷ್ಟತೆ ಕೂದಲೆಳೆಯಷ್ಟು ಕಡಿಮೆಯಾಯಿತು, ಬಾಗಿಲು ಮೊದಲಿನ ಅಗಲಕ್ಕೆ ಬಂತು.

ಎರಡು ಪವರಿನ ಗಾಜು, ಅಂದರೆ ಕೆಳಗೆ ಓದುವ ಕಿಟಕಿಯಿರುವ ಬೈಫೋಕಲ್, ಬೇಡವೆಂದು ನಿರ್ಧರಿಸಿದೆ. ಓದಲು ಅಜ್ಜನಿಗೆ ಗಾಜೇ ಬೇಡ, ತೆಗೆದರೆ ಸಾಕು. ಜೊತೆಗೆ ಕೆಳಗೆ ನೋಡಿದಾಗ ಆ ಕಿಟಕಿಯಿಂದ ಮೆಟ್ಟಿಲು ಮಸುಕಾಗುತ್ತದೆ, ಮೊದಲ ಸಲ ಕನ್ನಡಕ ಹಾಕುವ ವಯಸ್ಸಾದವರು ಎಡವುವುದು ಅಲ್ಲಿಯೇ. ದೂರಕ್ಕೆ ಮಾತ್ರ ಒಂದೇ ಪವರಿನ ಗಾಜು ಬರೆದು, ನಡೆಯುವಾಗ ಹಾಕಬೇಕು, ಓದುವಾಗ ಮತ್ತು ನೂಲಿನ ಕಂಡಿಕೆ ಸುತ್ತುವಾಗ ತೆಗೆಯಬೇಕು ಎಂದು ಮೂರು ಸಲ ಹೇಳಿದೆ. ಇದು ಕೇರಿಯ ಪದ್ಧತಿಗೆ ಉಲ್ಟಾ. ಅಲ್ಲಿ ಹಿರಿಯರು ಪೇಪರು ಬಂದಾಗ ಹಾಕಿಕೊಂಡು ಹೊರಗೆ ಹೊರಟಾಗ ತೆಗೆದಿಡುತ್ತಾರೆ. ನಿರೀಕ್ಷಿಸಿದಂತೆಯೇ ಅಜ್ಜ ಮೊದಲ ಬೆಳಿಗ್ಗೆ ಕನ್ನಡಕ ಹಾಕಿ ಪೇಪರು ಬಿಡಿಸಿ, ಅಕ್ಷರ ಕಲಸಿಹೋದದ್ದನ್ನು ಕಂಡು ಚಸ್ಮಾ ಕೆಟ್ಟಿದೆಯೆಂದು ಫೋನ್ ಮಾಡಿಸಿದ.

ಆದರೆ ಚಸ್ಮಾ ನಿಜವಾಗಿಯೂ ಕೆಟ್ಟಿತ್ತು, ಬೇರೆ ಕಾರಣಕ್ಕೆ. ಮೂರನೆಯ ದಿನ ಮತ್ತೆ ಫೋನ್ ಬಂತು: ದೂರದ್ದು ಚೆನ್ನಾಗಿ ಕಾಣುತ್ತದೆ, ಆದರೆ ಒಂದು ತಾಸಿಗೆ ಹಣೆ ಎಳೆಯುತ್ತದೆ, ಸಂಜೆಗೆ ತಲೆನೋವು. ವಯಸ್ಸಾಯಿತು, ಇನ್ನು ಒಗ್ಗುವುದಿಲ್ಲ ಎಂದು ಮಾವ ಅದನ್ನು ಡಬ್ಬಿಗೆ ಹಾಕಿಟ್ಟಿದ್ದ. ಹೊಸ ಗಾಜಿಗೆ ಒಗ್ಗಿಕೊಳ್ಳುವಾಗಿನ ಕಿರಿಕಿರಿ ದಿನದಿಂದ ದಿನಕ್ಕೆ ಇಳಿಯಬೇಕು, ಇದು ದಿನದೊಳಗೇ ಏರುತ್ತಿತ್ತು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಹತ್ತು ನಿಮಿಷ ನೋಡು ಎಂದೆ. ಎಳೆತ ನಿಂತಿತು. ಇನ್ನೊಂದನ್ನು ಮುಚ್ಚಿದರೂ ನಿಂತಿತು. ಒಂದೊಂದು ಕಣ್ಣಿಗೆ ನೆಮ್ಮದಿ, ಎರಡೂ ಕೂಡಿದರೆ ಎಳೆತ ಎಂದಾದರೆ ಪವರಿನ ಬದಲು ಗಾಜಿನ ನಡುಬಿಂದುಗಳನ್ನು ಸಂಶಯಿಸಬೇಕು. ಊರಿಗೆ ಹೋಗಿ ಗಾಜನ್ನು ಕೈಯಲ್ಲಿ ದೂರ ಹಿಡಿದು, ಅದರ ಮೂಲಕ ಕಿಟಕಿಯ ನೆಟ್ಟನೆಯ ಸರಳನ್ನು ನೋಡಿದೆ. ಗಾಜಿನೊಳಗಿನ ಸರಳು ಹೊರಗಿನದಕ್ಕೆ ಮುರಿಯದೆ ಕೂಡುವವರೆಗೆ ಸರಿಸಿ, ಅಲ್ಲಿ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದೆ. ಎರಡೂ ಗಾಜಿನ ಗೆರೆಗಳ ನಡುವೆ 70 ಮಿಲಿಮೀಟರ್ ಇತ್ತು. ಅಜ್ಜನ ಎರಡು ಪಾಪೆಗಳ ಅಂತರ 62. ಮರುದಿನ ಆಸ್ಪತ್ರೆಯಲ್ಲಿ ಗಾಜನ್ನು ಅಳೆಯುವ ಲೆನ್ಸೋಮೀಟರ್ ಅದನ್ನೇ ಹೇಳಿತು. ಚೀಟಿಯಲ್ಲಿ 62 ಎಂದು ಬರೆದದ್ದನ್ನು ಅಂಗಡಿಯವರು ನೋಡದೆ ಫ್ರೇಮಿನ ನಡುವಿಗೆ ಗಾಜು ಕೂಡಿಸಿದ್ದರು.

ಎಂಟು ಮಿಲಿಮೀಟರ್ ಎಂದರೆ ಒಂದೊಂದು ಕಣ್ಣಿಗೆ ನಾಲ್ಕು. ಅಜ್ಜನ ಗಾಜುಗಳ ಅಡ್ಡ ದಿಕ್ಕಿನ ಪವರ್ ಬಲಕ್ಕೆ ಮೂರೂವರೆ, ಎಡಕ್ಕೆ ನಾಲ್ಕೂಕಾಲು. ಸೆಂಟಿಮೀಟರಿನಲ್ಲಿ ಹೇಳಿದ ಜರುಗನ್ನು ಪವರಿನಿಂದ ಗುಣಿಸಿದರೆ ಕಣ್ಣಿನ ಮುಂದೆ ಎಷ್ಟು ಪ್ರಿಸಂ, ಅಂದರೆ ಬೆಳಕನ್ನು ಪಕ್ಕಕ್ಕೆ ಬಾಗಿಸುವ ಶಕ್ತಿ, ಕೂತಿದೆಯೆಂಬುದು ಸಿಗುತ್ತದೆ. ಎರಡೂ ಸೇರಿ ಸುಮಾರು ಮೂರಕ್ಕೆ ಬಂತು. ಬಿಂಬ ಒಂದಾಗಿ ಉಳಿಯಬೇಕಾದರೆ ಎರಡೂ ಕಣ್ಣುಗಳು ಅಷ್ಟರಮಟ್ಟಿಗೆ ಹೊರಕ್ಕೆ ತಿರುಗಿಯೇ ಇರಬೇಕು. ಕಣ್ಣು ಒಳಕ್ಕೆ ತಿರುಗುವುದರಲ್ಲಿ ನುರಿತದ್ದು, ಹೊರಕ್ಕೆ ತಿರುಗಿ ನಿಲ್ಲುವುದರಲ್ಲಿ ಅಲ್ಲ; ಆದ್ದರಿಂದ ಹಣೆಯ ಎಳೆತ. ಅಂಗಡಿಯವರು ತಕರಾರಿಲ್ಲದೆ ಹೊಸ ಗಾಜು ಹಾಕಿಕೊಟ್ಟರು. ಈ ಸಲ ಸಣ್ಣ ಫ್ರೇಮನ್ನೂ ಆರಿಸಿದೆವು, ಯಾಕೆಂದರೆ ಅಗಲ ಮುಖದ ಫ್ರೇಮಿನಲ್ಲಿ ಇದೇ ತಪ್ಪು ಮತ್ತೆ ಆಗುವುದು ಸುಲಭ.

ಎರಡನೆಯ ಜೋಡಿಯನ್ನು ಹಾಕಿದ ಸಂಜೆ ಅಜ್ಜ ಕಟ್ಟೆಯ ಮೇಲೆ ಕುಳಿತಿದ್ದ. ಅವನು ಮೊದಲು ನೋಡಿದ್ದು ಬೀದಿಯ ವಿದ್ಯುತ್ ತಂತಿಗಳನ್ನು. ಕಂಬಗಳು ಅವನಿಗೆ ಗೊತ್ತಿದ್ದವು, ತಂತಿಗಳು ಇರಬೇಕೆಂಬುದೂ ಗೊತ್ತಿತ್ತು, ಆದರೆ ಅವು ಕಂಡಿರಲಿಲ್ಲ. "ಒಂದು, ಎರಡು..." ಎಂದು ಎಣಿಸತೊಡಗಿ, ಕೇಬಲ್ಲಿನವರು ಎಳೆದದ್ದೂ ಸೇರಿ ಹನ್ನೊಂದಕ್ಕೆ ನಿಂತ. "ಹಾಸು ಕಟ್ಟಿದಂಗ ಕಟ್ಟ್ಯಾರಲ್ಲೋ. ಆದ್ರ ಬಿಗಿ ಇಲ್ಲ" ಎಂದು ಜೋತುಬಿದ್ದ ಎರಡನ್ನು ತೋರಿಸಿದ. ಆ ರಾತ್ರಿ ಅಜ್ಜಿ ಹೇಳಿದಂತೆ ಬಹಳ ಹೊತ್ತು ಒಳಗೆ ಬರಲಿಲ್ಲ. ಮರುದಿನ ತೊಟ್ಟಿಲ ಕೂಸಿನಂತೆ ಕಂಡದ್ದನ್ನೆಲ್ಲ ದಿಟ್ಟಿಸುತ್ತ ವೀರನಾರಾಯಣ ಗುಡಿಗೆ ಹೋಗಿ, ಗೋಪುರದ ಮೇಲೆ ಗೊಂಬೆಗಳಿವೆ ಎಂಬ ಸುದ್ದಿಯನ್ನು, ಅದೇನೋ ನಿನ್ನೆ ತಂದಿಟ್ಟವೆಂಬಂತೆ, ಮನೆಗೆ ತಂದ. ಭೀಷ್ಮ ಕೆರೆಯ ಬಸವಣ್ಣನ ಮೂರ್ತಿಗೆ ಇಷ್ಟು ವರ್ಷ ಕೈಮುಗಿದಿದ್ದರೂ ಮುಖ ನೋಡಿದ್ದು ಅಂದೇ. ದಕ್ಷಿಣಕ್ಕೆ ಕಪ್ಪತಗುಡ್ಡ ಅವನಿಗೆ ಆವರೆಗೆ ಆಕಾಶದ ಬುಡದಲ್ಲಿನ ನೀಲಿ ಬಣ್ಣ ಮಾತ್ರ. ಅದಕ್ಕೊಂದು ಅಂಚಿದೆ, ಅಂಚಿನ ಮೇಲೆ ಗಾಳಿಯಂತ್ರಗಳಿವೆ, ಅವು ತಿರುಗುತ್ತವೆ ಎಂಬುದನ್ನು ಅವನು ನನಗೇ ವಿವರಿಸಿದ.

ಎಲ್ಲವೂ ಸಂತೋಷದ ಸುದ್ದಿಯಾಗಿರಲಿಲ್ಲ. ಮನೆಯ ಗೋಡೆಯ ಮೇಲಿನ ಬಿರುಕು, ತೊಲೆಯ ಮಸಿ, ಎದುರು ಕಟ್ಟೆಯಲ್ಲಿ ಕುಳಿತ ಗೆಳೆಯನ ಮುಖದ ಸುಕ್ಕು ಅವನನ್ನು ಪೀಡಿಸಿದವು. ಅಂಗಳದ ಆಚೆಯಿಂದ ಅಜ್ಜಿಯನ್ನು ನೋಡಿ, ಅವಳು ಇಷ್ಟು ಮುದುಕಿಯಾದದ್ದು ಯಾವಾಗ ಎಂದು ಕೇಳಿದ. ಒಲೆಯ ಮುಂದೆ ಕೂತಾಗ ಹತ್ತಿರದಿಂದ ನೋಡಿದ ಮುಖ ಅವನಿಗೆ ಪರಿಚಿತವೇ. ಹತ್ತು ಅಡಿ ದೂರದ ಅಜ್ಜಿ ಮಾತ್ರ ಅವನ ಕಣ್ಣಿನಲ್ಲಿ ಐವತ್ತು ವರ್ಷ ಮಸುಕಾಗಿ, ಹಾಗಾಗಿ ಎಳೆಯಳಾಗಿ, ಉಳಿದಿದ್ದಳು.

ಹತ್ತನೆಯ ದಿನ ನಾನು ಮರುತಪಾಸಣೆಯ ನೆಪದಲ್ಲಿ ಬೆಟಗೇರಿಗೆ ಹೋದೆ. ತಲೆನೋವು ಇರಲಿಲ್ಲ, ಮೆಟ್ಟಿಲನ್ನು ಕೈ ಹಿಡಿಯದೆ ಇಳಿಯುತ್ತಿದ್ದ. ಮುಂದೆ ಪೊರೆ ಬಲಿತು ಶಸ್ತ್ರಚಿಕಿತ್ಸೆ ಮಾಡುವಾಗ ಒಳಗೆ ಹಾಕುವ ಮಸೂರವನ್ನು ರೂಢಿಯಂತೆ ದೂರಕ್ಕೆ ಹೊಂದಿಸಿದರೆ ಅಜ್ಜ ಗೇಣಿನೊಳಗಿನ ಜಗತ್ತನ್ನು ಕಳೆದುಕೊಳ್ಳುತ್ತಾನೆ, ಅದನ್ನು ಮೊದಲೇ ವೈದ್ಯರೊಂದಿಗೆ ಮಾತನಾಡಬೇಕು ಎಂದು ಕಡತದಲ್ಲಿ ಬರೆಯುತ್ತಿದ್ದೆ. ಆಗ ಹಿತ್ತಲಿನಿಂದ ಅಜ್ಜ ಕೂಗಿದ.

ಹಗ್ಗದ ಮೇಲೆ ಅಜ್ಜಿಯ ಹಳೆಯ ಸೀರೆಯೊಂದು ಪೂರ್ತಿ ಬಿಡಿಸಿ ಒಣಗಲು ಹಾಕಿತ್ತು. ಅದು ಇಪ್ಪತ್ತೆರಡು ವರ್ಷದ ಹಿಂದೆ ಅಜ್ಜ ನೇಯ್ದದ್ದು. ಪಟ್ಟಿ ಬಿದ್ದಿದೆಯೆಂದು ಸಾವಕಾರ ಮಜೂರಿ ಮುರಿದುಕೊಂಡು ವಾಪಸ್ಸು ಕಳಿಸಿದ್ದರಿಂದ ಮನೆಯಲ್ಲಿ ಉಳಿದದ್ದು. ಆ ಸಾವಕಾರನ ಸಂಗಡ ಅಜ್ಜ ಆ ಮೇಲೆ ಮಾತು ಬಿಟ್ಟಿದ್ದ. ಇಲ್ಲದ ದೋಷ ಹೇಳಿ ಬಡ ನೇಕಾರರ ಹೊಟ್ಟೆಯ ಮೇಲೆ ಹೊಡೆಯುತ್ತಾನೆ ಎಂಬ ಕಥೆಯನ್ನು ನಾವೆಲ್ಲ ಕೇಳಿಯೇ ಬೆಳೆದದ್ದು. ಸೀರೆಯನ್ನು ಗೇಣುಗೇಣು ನೋಡಿದ್ದೇನೆ, ಒಂದು ಎಳೆ ತಪ್ಪಿಲ್ಲ ಎಂಬುದು ಅವನ ವಾದ. ಈಗ ಅವನು ಹಗ್ಗದಿಂದ ನಾಲ್ಕು ಮೀಟರ್ ಹಿಂದೆ, ತುಳಸಿಕಟ್ಟೆಯ ಬಳಿ ನಿಂತಿದ್ದ. ನಾನೂ ಪಕ್ಕಕ್ಕೆ ಹೋಗಿ ನಿಂತೆ. ಮೈಯ ನಡುಭಾಗದಲ್ಲಿ, ಅಂಚಿನಿಂದ ಅಂಚಿಗೆ, ಎರಡು ಬೆರಳಗಲದ ತಿಳಿಯಾದ ಅಡ್ಡಪಟ್ಟಿಯೊಂದು ಇತ್ತು.

ನೇಯ್ದ ಬಟ್ಟೆಯನ್ನು ಸುತ್ತಿ ಹಾಸನ್ನು ಮುಂದಕ್ಕೆ ಎಳೆದುಕೊಂಡಾಗ ಬಿಗಿ ಸ್ವಲ್ಪ ಬದಲಾದರೆ, ಅಲ್ಲಿಂದ ಕೆಲವು ಎಳೆ ಹೊಕ್ಕು ವಿರಳವಾಗಿ ಕೂರುತ್ತದೆ. ಗೇಣು ದೂರದಿಂದ ನೋಡುವವನಿಗೆ ಕಾಣುವುದು ಒಂದೊಂದೇ ಎಳೆ, ಮತ್ತು ಪ್ರತಿ ಎಳೆಯೂ ಅಲ್ಲಿ ಸರಿಯಾಗಿಯೇ ಇರುತ್ತದೆ. ಎಳೆಗಳು ಒಂದರೊಳಗೊಂದು ಕರಗಿ ಬಣ್ಣವಾಗುವಷ್ಟು ಹಿಂದೆ ಸರಿದಾಗ ಮಾತ್ರ ಪಟ್ಟಿ ಏಳುತ್ತದೆ. ಆದರೆ ಅಜ್ಜ ಹಿಂದೆ ಸರಿದರೆ ನಾಲ್ಕು ಡಯಾಪ್ಟರಿನ ಮಸುಕು ಅವನೊಂದಿಗೇ ಬರುತ್ತಿತ್ತು. ಲೆಕ್ಕ ಹಾಕಿದರೆ, ಮೂರು ಮಿಲಿಮೀಟರಿನ ಪಾಪೆಗೆ ನಾಲ್ಕು ಮೀಟರ್ ದೂರದಲ್ಲಿ ಪ್ರತಿ ಚುಕ್ಕೆಯೂ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಹರಡುತ್ತದೆ. ಎರಡು ಬೆರಳಿನ ಪಟ್ಟಿ ಅದರೊಳಗೆ ಹೇಳಹೆಸರಿಲ್ಲದೆ ಮುಳುಗುತ್ತದೆ.

ಅಜ್ಜ ಅಜ್ಜಿಯನ್ನು ಕರೆದು ಹಗ್ಗದ ಬಳಿ ನಿಲ್ಲಿಸಿದ. ತಾನು ಕಟ್ಟೆಯ ಬಳಿಯಿಂದಲೇ, "ಇನ್ನಷ್ಟು ಕೆಳಗ. ಇನ್ನೊಂದೀಟು. ಹಾಂ, ಅಲ್ಲೇ ಬಟ್ಟು ಇಡು" ಎಂದ. ಅಜ್ಜಿ ಬೆರಳಿಟ್ಟ ಜಾಗಕ್ಕೆ ಬಂದು, ಚಸ್ಮಾ ತೆಗೆದು ನನ್ನ ಕೈಗೆ ಕೊಟ್ಟು, ಬಟ್ಟೆಯನ್ನು ಮೂಗಿನ ಬಳಿ ಹಿಡಿದು, ಹೆಬ್ಬೆರಳ ಉಗುರಿನಿಂದ ಎಳೆ ಎಣಿಸಿದ. ಪಟ್ಟಿಯ ಮೇಲ್ಗಡೆ ಇಂಚಿಗೆ ಐವತ್ತೆರಡು, ಪಟ್ಟಿಯೊಳಗೆ ನಲವತ್ತಾರು. ಮತ್ತೊಮ್ಮೆ ಎಣಿಸಿದ. ಆ ಎಣಿಕೆ ನನ್ನ ಕಣ್ಣಿಗೆ ಆಗುತ್ತಿರಲಿಲ್ಲ.

"ನಿನಗ ಗೊತ್ತಿತ್ತೇನು ಇದು?" ಎಂದು ಅಜ್ಜಿಯನ್ನು ಕೇಳಿದ.

"ಒಣಗ ಹಾಕಿದಾಗೆಲ್ಲಾ ಕಾಣತಿತ್ತರಿ."

"ಮತ್ತ ಹೇಳಬಾರದನ?"

"ಹೇಳಿದ್ರ ನನ್ನ ಕೂಡಾನೂ ಮಾತು ಬಿಡತಿದ್ರಿ."

ಅಜ್ಜ ಚಸ್ಮಾ ಇಸಿದುಕೊಂಡು, ಧೋತರದ ತುದಿಯಿಂದ ಒರೆಸಿ ಹಾಕಿಕೊಂಡು, ಮತ್ತೆ ತುಳಸಿಕಟ್ಟೆಯವರೆಗೆ ಹಿಂದೆ ನಡೆದ. ಅಲ್ಲಿಂದ ಬಹಳ ಹೊತ್ತು ನೋಡಿ, ತಾನು ನೇಯ್ದವು ಇನ್ನೂ ಎಷ್ಟು ಮನೆಯಲ್ಲಿವೆ ಎಂದು ಕೇಳಿದ. ಅಜ್ಜಿ ಟ್ರಂಕು ತೆಗೆಯಲು ಒಳಗೆ ಹೋದಳು.